ಒಂದು ಗುಡಿಸು ತಪ್ಪಿದ್ದಕ್ಕೆ

ಆಪ್ ಕಂಪನಿಯವರಿಗೆ,

ಹೋದ ತಿಂಗಳು ನಮ್ಮ ಅಜ್ಜಿ ತೀರಿಕೊಂಡರು. ಬಾದಾಮಿ ಹತ್ತಿರ ಮಲಪ್ರಭಾ ದಂಡೆಯಲ್ಲಿರುವ ಶಿವಯೋಗ ಮಂದಿರ ಅಂದರೆ ಅವರಿಗೆ ಜೀವ. ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಆ ಮಂದಿರದ ವಿಭೂತಿಯೇ ಆಗಬೇಕಿತ್ತು ಅವರಿಗೆ. ಅಜ್ಜಿ ಹೆಸರಲ್ಲಿ ಒಮ್ಮೆ ಹೋಗಿಬರೋಣ ಅಂತ ಇಳಕಲ್‌ನಲ್ಲಿರುವ ಅಪ್ಪ ಸೋಮವಾರ ಹೊರಡುವವರಿದ್ದರು. ಹೊರಡಲಿಲ್ಲ.

ಬಸ್ ವಿಚಾರಿಸಲು ಅವರು ನಿಮ್ಮ ಬಾಟ್‌ಗೆ ಹೀಗೆ ಟೈಪ್ ಮಾಡಿದ್ದರು: ‘ಬಾದಾಮಿಯಿಂದ ಶವಯೋಗ ಮಂದಿರಕ್ಕೆ ಹೇಗೆ ಹೋಗಬೇಕು?’ ಒಂದು ಗುಡಿಸು ಬಿಟ್ಟುಹೋಗಿತ್ತು. ನಿಮ್ಮ ಬಾಟ್ ಕ್ಷಣವೂ ತಡವರಿಸಲಿಲ್ಲ. ಅದು ಶವಾಸನ ಕಲಿಸುವ ಧ್ಯಾನ ಕೇಂದ್ರ, ಮಧ್ಯಾಹ್ನದವರೆಗೆ ಮಾತ್ರ ಪ್ರವೇಶ, ಮುಂಗಡ ಬುಕಿಂಗ್ ಕಡ್ಡಾಯ ಅಂತ ಹೇಳಿಬಿಟ್ಟಿತು.

ಮೂರು ದಿನ ಬಿಟ್ಟು ಫೋನ್ ಮಾಡಿದಾಗ ಅಪ್ಪ ಅಂದರು, “ಬುಕಿಂಗ್ ಮಾಡಬೇಕಂತಲ್ಲೋ. ಈಗ ರೂಲ್ಸ್ ಬದಲಾಗ್ಯಾವ ಕಾಣ್ತದ.” ಸಣ್ಣವರಿದ್ದಾಗಿಂದ ಹೋಗಿಬಂದ ಜಾಗ ಅದು. ಆದರೂ ಅವರು ಅನುಮಾನಪಟ್ಟಿದ್ದು ತಮ್ಮ ನೆನಪನ್ನು, ನಿಮ್ಮ ಬಾಟನ್ನಲ್ಲ. ನನ್ನ ದೂರು ಇರುವುದು ಇಲ್ಲೇ.

ನಾನೂ ಸಾಫ್ಟ್‌ವೇರ್‌ನವನೇ. ಹೀಗೇಕಾಯಿತು ಅಂತ ಊಹಿಸಬಲ್ಲೆ. ‘ಶಿ’ ನಮ್ಮ ಕಣ್ಣಿಗೆ ಒಂದಕ್ಷರ, ಯೂನಿಕೋಡ್‌ನಲ್ಲಿ ಎರಡು ಸಂಕೇತ: ‘ಶ’ ಒಂದು, ಗುಡಿಸು ಇನ್ನೊಂದು. ಎರಡನೆಯದು ಬಿದ್ದುಹೋದರೆ ಉಳಿಯುವುದು ಅರ್ಥವಿಲ್ಲದ ಪದವಾಗಿದ್ದರೆ ಬಾಟ್‌ಗೆ ಸಂಶಯ ಬರುತ್ತಿತ್ತೇನೋ. ಆದರೆ ಶವ, ಯೋಗ, ಮಂದಿರ ಮೂರೂ ಸರಿಯಾದ ಪದಗಳೇ. ಮೂರನ್ನೂ ಜೋಡಿಸಿ, ನಂಬುವಂಥ ಕಥೆ ಹೆಣೆಯಿತು. ಅಂಥ ಹೆಸರಿನ ಜಾಗ ಇದೆಯೋ ಇಲ್ಲವೋ ಅಂತ ನೋಡುವ ಕೆಲಸ ಮಾತ್ರ ಯಾರೂ ಮಾಡಲಿಲ್ಲ.

ಸರಿಪಡಿಸುವುದು ಕಷ್ಟವಿಲ್ಲ. ಪ್ರಶ್ನೆಯಲ್ಲಿ ಸ್ಥಳದ ಹೆಸರು ಬಂದರೆ ಮೊದಲು ಊರುಗಳ ಪಟ್ಟಿಯಲ್ಲಿ ಹುಡುಕಿಸಿ. ಸಿಗದಿದ್ದರೆ, ಒಂದೇ ಸಂಕೇತದಷ್ಟು ವ್ಯತ್ಯಾಸವಿರುವ ಹೆಸರು ಇದೆಯೇ ನೋಡಿಸಿ. ಇಲ್ಲಿ ‘ಬಾದಾಮಿಯಿಂದ’ ಎಂಬ ಸುಳಿವೂ ಇತ್ತು. ಸಿಕ್ಕರೆ, ‘ಶಿವಯೋಗ ಮಂದಿರವೇ?’ ಅಂತ ಒಂದು ಸಾಲು ಕೇಳಲಿ.

ಕೇಳದೇ ತಾನೇ ತಿದ್ದುವುದು ಮಾತ್ರ ಬೇಡ. ಕನ್ನಡದಲ್ಲಿ ಕಲ್ಲು, ಕಳ್ಳು ಎರಡೂ ಸರಿ. ಒಂದೇ ಅಕ್ಷರ ಬೇರೆ ಅಂತ ತಿದ್ದಿದರೆ ಅದು ಇನ್ನೊಂದು ತಪ್ಪು. ಹಾಗೆಯೇ ಸಮಯ, ಬುಕಿಂಗ್, ಶುಲ್ಕ ಇಂಥವನ್ನು ಎಲ್ಲಿಂದ ತಗೊಂಡಿದ್ದು ಅಂತ ತೋರಿಸಲಾಗದಿದ್ದರೆ ಹೇಳಲೇಬಾರದು. ನಮ್ಮಪ್ಪನನ್ನು ತಡೆದಿದ್ದು ಶವಾಸನವಲ್ಲ, ಆ ಬುಕಿಂಗ್.

ಶಕ್ತಿಯ ‘ಇ’ಕಾರ ಇಲ್ಲದಿದ್ದರೆ ಶಿವನೂ ಶವ ಅಂತ ಹಿರಿಯರು ಹೇಳುತ್ತಾರೆ. ಅಜ್ಜಿ ಇದ್ದಿದ್ದರೆ ಇದನ್ನೇ ಹೇಳಿ ನಗುತ್ತಿದ್ದರು. ಅಪ್ಪನಿಗೆ ಇನ್ನೂ ನಗು ಬಂದಿಲ್ಲ. ಮುಂದಿನ ಸೋಮವಾರ ನಾನೇ ಕರೆದುಕೊಂಡು ಹೊರಟಿದ್ದೇನೆ. ಬಸ್ಸಿನ ಸಮಯ ಬಾದಾಮಿ ಸ್ಟ್ಯಾಂಡಿನಲ್ಲೇ ಕೇಳುತ್ತೇವೆ.

ಇಂತಿ,
ನಿಮ್ಮೊಬ್ಬ ಬಳಕೆದಾರ