ಬೆರಳಿಗೆ ಕಾಣುವ ಚುಕ್ಕೆ

ಮಕ್ಕಳೇ, ಮೊಬೈಲ್ ಫೋನನ್ನು ಚಾರ್ಜಿಗೆ ಇಡುವುದು ನಿಮಗೆ ಬಲು ಸುಲಭ. ಒಂದು ಕೈಯಲ್ಲಿ ಫೋನ್, ಇನ್ನೊಂದು ಕೈಯಲ್ಲಿ ಪಿನ್. ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಈಗ ಒಂದು ಸಣ್ಣ ಪರೀಕ್ಷೆ ಮಾಡೋಣ. ಮೊದಲು ಹಿರಿಯರನ್ನು ಕೇಳಿ, ಚಾರ್ಜರನ್ನು ಗೋಡೆಯ ಸಾಕೆಟ್ಟಿನಿಂದ ತೆಗೆಸಿ ಇಡಿ. ಎರಡೂ ಕೈಗಳಿಗೆ ದಪ್ಪನೆಯ ಕಾಲುಚೀಲ ಹಾಕಿಕೊಳ್ಳಿ. ಕಣ್ಣು ಮುಚ್ಚಿ. ಈಗ ಪಿನ್ನನ್ನು ಫೋನಿಗೆ ಸಿಕ್ಕಿಸಲು ನೋಡಿ. ಬಲ ಹಾಕಬೇಡಿ. ಹತ್ತು ಎಣಿಸುವುದರೊಳಗೆ ಆಗದಿದ್ದರೆ ಬಿಟ್ಟುಬಿಡಿ.

ಏನಾಯಿತು? ಕಿಂಡಿ ಎಲ್ಲಿದೆ ಎಂದು ಮೊದಲು ಹುಡುಕಬೇಕಾಯಿತು. ಸಿಕ್ಕಿದ ಮೇಲೆ ಪಿನ್ನಿನ ಮೇಲ್ಭಾಗ ಯಾವುದು, ಕೆಳಭಾಗ ಯಾವುದು ಎಂದು ತಿಳಿಯಲಿಲ್ಲ. ಅದೂ ಸರಿಯಾಯಿತು ಎನ್ನೋಣ, ಪಿನ್ನನ್ನು ಬಿಗಿಯಾಗಿ ಹಿಡಿದು ಒತ್ತಲು ಆಗಲಿಲ್ಲ. ನಾವು ಒಂದೇ ಕೆಲಸ ಎಂದುಕೊಂಡಿದ್ದರಲ್ಲಿ ಮೂರು ಕೆಲಸಗಳಿವೆ: ಹುಡುಕುವುದು, ದಿಕ್ಕು ತಿಳಿಯುವುದು, ಒತ್ತುವುದು. ಕಣ್ಣು ಮಂಜಾದವರಿಗೆ ಮೊದಲ ಎರಡು ಕಷ್ಟ. ಬೆರಳಿನ ಬಲ ಕುಗ್ಗಿದವರಿಗೆ ಮೂರನೆಯದು ಕಷ್ಟ. ನನ್ನ ದೊಡ್ಡಮ್ಮನಿಗೆ ಮೂರೂ ಕಷ್ಟ.

ದೊಡ್ಡಮ್ಮನ ಮನೆ ಕಾಸರಗೋಡಿನ ಒಳಭಾಗದ ಒಂದು ಹಳ್ಳಿಯಲ್ಲಿದೆ. ಸುತ್ತ ಅಡಿಕೆ ತೋಟ. ಹತ್ತಿರದ ಮನೆಗೆ ಹೋಗಬೇಕಾದರೆ ಗುಡ್ಡ ಇಳಿದು ತೋಡು ದಾಟಬೇಕು. ಅವರ ಮಗ ದುಬಾಯಿಯಲ್ಲಿದ್ದಾರೆ; ದಿನವೂ ರಾತ್ರಿ ಫೋನ್ ಮಾಡುತ್ತಾರೆ. ದೊಡ್ಡಮ್ಮನ ಬೆರಳ ಗಂಟುಗಳು ಸಂಧಿವಾತದಿಂದ ಊದಿಕೊಂಡಿವೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದರಲ್ಲಿ ಪೊರೆ ಇನ್ನೂ ಇದೆ. ಪಕ್ಕದ ಮನೆಯ ಹುಡುಗ ಶಾಲೆಯಿಂದ ಬರುವಾಗ ಒಳಗೆ ಬಂದು ಫೋನನ್ನು ಚಾರ್ಜಿಗೆ ಇಟ್ಟು ಹೋಗುತ್ತಿದ್ದ. ಅವನು ಬಾರದ ದಿನ ಫೋನ್ ಸತ್ತಿರುತ್ತಿತ್ತು. ಒಂದು ಮಳೆಗಾಲದಲ್ಲಿ ಎರಡು ದಿನ ಹಾಗೆಯೇ ಆಯಿತು. ದೊಡ್ಡಮ್ಮನಿಗೆ ಜ್ವರ. ಆದರೆ ಯಾರಿಗೂ ತಿಳಿಸಲು ಆಗಲಿಲ್ಲ.

"ಇದರ ಬಾಯಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ ಮಾರಾಯ," ಎಂದರು ಅವರು ನನ್ನೊಡನೆ. "ಒಬ್ಬರನ್ನು ದಿನಾ ಕರೆಯುವುದು ಹೇಗೆ?"

ನಾನು ಅವರ ಫೋನನ್ನು ಕೈಗೆತ್ತಿಕೊಂಡು ನೋಡಿದೆ. ಅದು ಗುಂಡಿಗಳಿರುವ ಹಳೆಯ ಮಾದರಿಯ ಫೋನ್. ಅದಕ್ಕೆ ಮೈಕ್ರೊ ಯುಎಸ್‌ಬಿ ಎಂಬ ಸಣ್ಣ ಪಿನ್. ಪಿನ್ನಿನ ಅಗಲ ಸುಮಾರು 7 ಮಿಲಿಮೀಟರ್, ಅಂದರೆ ಒಂದು ಅಕ್ಕಿಕಾಳಿನ ಉದ್ದದಷ್ಟು. ದಪ್ಪ 2 ಮಿಲಿಮೀಟರಿಗಿಂತಲೂ ಕಡಿಮೆ. ಅದರ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಆದ್ದರಿಂದ ಅದು ಒಂದೇ ದಿಕ್ಕಿನಲ್ಲಿ ಒಳಗೆ ಹೋಗುತ್ತದೆ. ತಿರುವುಮುರುವಾಗಿ ಹಿಡಿದು ಒತ್ತಿದರೆ ಕಿಂಡಿಯೊಳಗಿನ ತೆಳ್ಳನೆಯ ನಾಲಿಗೆ ಮುರಿಯಬಹುದು. ಈಗಿನ ಫೋನುಗಳಲ್ಲಿರುವ ಟೈಪ್ ಸಿ ಪಿನ್ನಿಗೆ ಈ ತೊಂದರೆ ಇಲ್ಲ. ಅದನ್ನು ಹೇಗೆ ಹಿಡಿದರೂ ಸರಿ. ಆದರೆ ಅದನ್ನೂ ಹುಡುಕಬೇಕು, ಒತ್ತಬೇಕು, ಮತ್ತೆ ಎಳೆಯಬೇಕು.

ನಮ್ಮ ಮೊದಲ ಉಪಾಯಕ್ಕೆ ಹೆಚ್ಚು ಖರ್ಚಿಲ್ಲ. ಗುಂಡಿಗಳಿರುವ ಫೋನಿನ 5ನೆಯ ಗುಂಡಿಯ ಮೇಲೆ ಬೆರಳಾಡಿಸಿ ನೋಡಿದ್ದೀರಾ? ಅಲ್ಲಿ ಒಂದು ಉಬ್ಬು ಇರುತ್ತದೆ. ಆ ಉಬ್ಬು ಸಿಕ್ಕಿದರೆ ಸುತ್ತಲಿನ ಅಂಕೆಗಳೆಲ್ಲ ನೋಡದೆಯೇ ಸಿಗುತ್ತವೆ. ಹೊಸ 100 ರೂಪಾಯಿ ನೋಟಿನಲ್ಲಿ ಉಬ್ಬಿದ ತ್ರಿಕೋನ, 500ರ ನೋಟಿನಲ್ಲಿ ಉಬ್ಬಿದ ವೃತ್ತ ಇರುವುದೂ ಇದೇ ಕಾರಣಕ್ಕೆ. ಕಣ್ಣು ಕಾಣದವರು ಬೆರಳಿನಿಂದ ನೋಡುತ್ತಾರೆ. ಹಾಗಾದರೆ ಚಾರ್ಜರಿಗೂ ಒಂದು ಉಬ್ಬು ಚುಕ್ಕೆ ಇಟ್ಟರೇನು?

ಅಂಟಿಸುವ ಬೊಟ್ಟು ಇಡಬಹುದು. ಆದರೆ ಅದು ಕೈಯ ಬೆವರಿಗೆ ಕಿತ್ತುಬರುತ್ತದೆ. ನಾವು ಉಗುರಿಗೆ ಹಚ್ಚುವ ಬಣ್ಣವನ್ನು ಬಳಸಿದೆವು. ಫೋನಿನ ಅಂಚಿನಲ್ಲಿ, ಕಿಂಡಿಯ ಪಕ್ಕದಲ್ಲಿ ಒಂದು ತೊಟ್ಟು ಇಟ್ಟೆವು. ಅದು ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದು, ಆಮೇಲೆ ಮತ್ತೊಂದು. ಮೂರು ಸಲ ಇಟ್ಟಾಗ ಅದು ಸಾಸಿವೆಯಂತೆ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಪಿನ್ನಿನ ಹಿಡಿಯ ಮೇಲೂ ಇಂಥದೇ ಒಂದು ಚುಕ್ಕೆ ಇಟ್ಟೆವು. ಎರಡು ಚುಕ್ಕೆಗಳೂ ಒಂದೇ ಕಡೆ ಬಂದರೆ ದಿಕ್ಕು ಸರಿ ಎಂದು ಅರ್ಥ. ಬಣ್ಣ ಪ್ಲಾಸ್ಟಿಕ್ಕಿನ ಮೇಲೆ ಮಾತ್ರ ಇರಬೇಕು. ಪಿನ್ನಿನ ಲೋಹಕ್ಕೆ ತಗುಲಿದರೆ, ಕಿಂಡಿಯೊಳಗೆ ಇಳಿದರೆ, ವಿದ್ಯುತ್ತು ಹರಿಯುವುದಿಲ್ಲ. ಫೋನು ಕಪ್ಪು, ಆದ್ದರಿಂದ ಬಿಳಿ ಬಣ್ಣವನ್ನು ಆರಿಸಿದೆವು. ಮಂಜು ಕಣ್ಣಿಗೂ ಕಪ್ಪಿನ ಮೇಲಿನ ಬಿಳಿ ಅಷ್ಟಿಷ್ಟು ಕಾಣುತ್ತದೆ.

ಹುಡುಕುವುದು ಮತ್ತು ದಿಕ್ಕು, ಎರಡೂ ಸುಲಭವಾದವು. ಆದರೆ ಒತ್ತುವಾಗ ದೊಡ್ಡಮ್ಮ "ಹಾ!" ಎಂದು ಕೈ ಹಿಂದೆಗೆದರು. ಪಿನ್ನಿನ ಹಿಡಿ ತೀರ ಸಣ್ಣದು. ಸಣ್ಣ ವಸ್ತುವನ್ನು ಹಿಡಿಯಬೇಕಾದರೆ ಬೆರಳ ತುದಿಗಳನ್ನು ಬಿಗಿಯಾಗಿ ಒತ್ತಬೇಕು. ಸಂಧಿವಾತದವರಿಗೆ ಅದೇ ನೋವು. ಸೈಕಲ್ ಟ್ಯೂಬಿನ ತುಂಡನ್ನು ಹಿಡಿಗೆ ಸುತ್ತಿ ದಪ್ಪ ಮಾಡಿದೆವು. ಸ್ವಲ್ಪ ಹಗುರವಾಯಿತು, ನೋವು ಹೋಗಲಿಲ್ಲ.

ಆಗ ಅಯಸ್ಕಾಂತದ ನೆನಪಾಯಿತು. ಜಪಾನಿನಲ್ಲಿ ನೀರು ಕಾಯಿಸುವ ವಿದ್ಯುತ್ ಪಾತ್ರೆಗಳ ವಯರಿಗೆ ಅಯಸ್ಕಾಂತದ ತುದಿ ಇರುತ್ತದೆ. ಮಗು ಓಡುವಾಗ ವಯರಿಗೆ ಕಾಲು ಸಿಕ್ಕಿದರೆ ವಯರು ಮಾತ್ರ ಕಳಚಿಕೊಳ್ಳುತ್ತದೆ, ಕುದಿಯುವ ನೀರಿನ ಪಾತ್ರೆ ಮಗುಚುವುದಿಲ್ಲ. 2006ರಲ್ಲಿ ಆ್ಯಪಲ್ ಕಂಪನಿ ತನ್ನ ಲ್ಯಾಪ್‌ಟಾಪಿಗೂ ಇಂಥ ತುದಿಯನ್ನು ತಂದಿತು. ಅದರಲ್ಲೊಂದು ಪುಟ್ಟ ದೀಪವೂ ಇತ್ತು. ಚಾರ್ಜ್ ಆಗುವಾಗ ಕಿತ್ತಳೆ ಬಣ್ಣ, ತುಂಬಿದ ಮೇಲೆ ಹಸಿರು. ಅಪಘಾತ ತಪ್ಪಿಸಲು ಬಂದ ಈ ತುದಿ, ಕೈಯಲ್ಲಿ ಬಲವಿಲ್ಲದವರಿಗೂ ಉಪಕಾರವಾಗುತ್ತದೆ.

ಫೋನಿಗೆ ಹಾಕುವ ಅಯಸ್ಕಾಂತದ ಕೇಬಲ್ ಎರಡು ಭಾಗಗಳಲ್ಲಿ ಬರುತ್ತದೆ. ಒಂದು ಪುಟ್ಟ ತುದಿ. ಅದನ್ನು ಒಮ್ಮೆ ಫೋನಿನ ಕಿಂಡಿಗೆ ಸಿಕ್ಕಿಸಿದರೆ ಅಲ್ಲಿಯೇ ಇರುತ್ತದೆ. ಇನ್ನೊಂದು, ದುಂಡಗಿನ ತಲೆಯ ಕೇಬಲ್. ತಲೆಯನ್ನು ತುದಿಯ ಹತ್ತಿರಕ್ಕೆ ತಂದರೆ ಸಾಕು, 'ಟಕ್' ಎಂದು ತಾನೇ ಹಾರಿ ಅಂಟಿಕೊಳ್ಳುತ್ತದೆ. ದುಂಡಗಿರುವುದರಿಂದ ದಿಕ್ಕಿನ ಪ್ರಶ್ನೆಯೇ ಇಲ್ಲ. ಒತ್ತುವುದೂ ಇಲ್ಲ. ತುದಿಯನ್ನು ಕೊಳ್ಳುವಾಗ ಫೋನಿನ ಕಿಂಡಿಗೆ ಹೊಂದುವುದನ್ನೇ ಆರಿಸಬೇಕು. ದೊಡ್ಡಮ್ಮನ ಫೋನಿಗೆ ಮೈಕ್ರೊ ತುದಿಯನ್ನು ನಾನು ಸಿಕ್ಕಿಸಿಕೊಟ್ಟೆ.

ತೆಗೆಯುವುದಕ್ಕೂ ಒಂದು ಕ್ರಮ ಇದೆ. ಅಯಸ್ಕಾಂತವನ್ನು ನೇರವಾಗಿ ಎಳೆದರೆ ಅದು ಬಲವಾಗಿ ಹಿಡಿದುಕೊಳ್ಳುತ್ತದೆ. ಕೆಲವೊಮ್ಮೆ ಪುಟ್ಟ ತುದಿಯೇ ಕಿಂಡಿಯಿಂದ ಕಿತ್ತುಬರುತ್ತದೆ. ಪಕ್ಕಕ್ಕೆ ಓರೆ ಮಾಡಿದರೆ ಸುಲಭವಾಗಿ ಬಿಡುತ್ತದೆ. "ಎಳೆಯಬೇಡಿ ದೊಡ್ಡಮ್ಮ, ಹೆಬ್ಬೆರಳಿನಿಂದ ಬಗ್ಗಿಸಿ," ಎಂದೆ. ಎರಡನೆಯ ಸಲಕ್ಕೇ ಅವರಿಗೆ ಬಂತು.

ಕೇಬಲಿನ ತಲೆಯಲ್ಲಿ ನೀಲಿ ದೀಪವಿದೆ. ಕತ್ತಲೆಯಲ್ಲಿ ತಲೆ ಎಲ್ಲಿ ಬಿದ್ದಿದೆ ಎಂದು ಅದು ತೋರಿಸುತ್ತದೆ. ಆದರೆ ಇಲ್ಲೊಂದು ವಿಷಯವನ್ನು ಗಮನಿಸಿ. ದೀಪ ಉರಿದರೆ ಕೇಬಲಿಗೆ ವಿದ್ಯುತ್ತು ಬಂದಿದೆ ಎಂದಷ್ಟೇ ಅರ್ಥ. ಫೋನ್ ಚಾರ್ಜ್ ಆಗುತ್ತಿದೆ ಎಂದು ಅರ್ಥವಲ್ಲ. ಫೋನಿಗೆ ಅಂಟಿಸದೆ ನೆಲದ ಮೇಲೆ ಬಿಟ್ಟಿದ್ದರೂ ಅದು ಉರಿಯುತ್ತಲೇ ಇರುತ್ತದೆ. ಚಾರ್ಜ್ ಆಗಲು ತೊಡಗಿದಾಗ ದೊಡ್ಡಮ್ಮನ ಫೋನ್ 'ಟಿಣ್' ಎನ್ನುತ್ತದೆ. ಅವರು ಆ ಸದ್ದನ್ನೇ ನಂಬುತ್ತಾರೆ. ದೀಪ ಅವರಿಗೆ ಬೇರೆ ಸುದ್ದಿ ಹೇಳುತ್ತದೆ: ಅದು ಉರಿಯದಿದ್ದರೆ ಕರೆಂಟು ಹೋಗಿದೆ, ಇಲ್ಲವೆ ಸ್ವಿಚ್ ಹಾಕಿಲ್ಲ. ಪೊರೆ ಇರುವ ಕಣ್ಣಿಗೆ ಹೊಳಪು ಹೆಚ್ಚಾದ ದೀಪ ಹರಡಿಕೊಂಡು ಕಾಣುತ್ತದೆ, ಕಣ್ಣು ಕೋರೈಸುತ್ತದೆ. ಆದ್ದರಿಂದ ಮಂದವಾದ ದೀಪವೇ ಒಳ್ಳೆಯದು.

ಹದಿನೈದು ದಿನ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದು ದಿನ 'ಟಕ್' ಎಂದಿತು, 'ಟಿಣ್' ಎನ್ನಲಿಲ್ಲ. ಹೋಗಿ ನೋಡಿದರೆ ಕೇಬಲಿನ ತಲೆಗೆ ಕರಿಯ ಪುಡಿ ಮೆತ್ತಿಕೊಂಡಿತ್ತು. ಅಯಸ್ಕಾಂತವನ್ನು ಮರಳಿನಲ್ಲಿ ಎಳೆದರೆ ಕರಿಯ ಕಣಗಳು ಅಂಟಿಕೊಳ್ಳುವುದನ್ನು ನೀವು ನೋಡಿರಬಹುದು. ಅಂಗಳದ ಮಣ್ಣಿನಲ್ಲಿಯೂ ಅಂಥ ಕಬ್ಬಿಣದ ಕಣಗಳಿವೆ. ಕೇಬಲಿನ ತಲೆಯಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಸಣ್ಣ ಸಣ್ಣ ಮೊಳೆಗಳಿರುತ್ತವೆ. ವಿದ್ಯುತ್ತು ದಾಟುವುದು ಅವುಗಳ ಮೂಲಕ. ಮೊಳೆಗಳ ನಡುವೆ ಕಣಗಳು ಕುಳಿತರೆ ಸಂಪರ್ಕ ತಪ್ಪುತ್ತದೆ, ಇಲ್ಲವೆ ತಲೆ ಬಿಸಿಯಾಗುತ್ತದೆ. ಸ್ವಿಚ್ ಆರಿಸಿ, ಚಾರ್ಜರನ್ನು ತೆಗೆದು, ಹಳೆಯ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. 'ಟಿಣ್' ಎಂದಿತು. ಅಂದಿನಿಂದ ಕೇಬಲನ್ನು ನೆಲಕ್ಕೆ ಬಿಡದೆ ಗೋಡೆಯ ಕೊಕ್ಕೆಗೆ ಸಿಕ್ಕಿಸಿಡುತ್ತೇವೆ. ಒದ್ದೆ ಕೈಯಲ್ಲಿ ಅದನ್ನು ಮುಟ್ಟಬಾರದು, ಏಕೆಂದರೆ ಆ ಮೊಳೆಗಳಿಗೆ ಮುಚ್ಚಳವಿಲ್ಲ.

ಇನ್ನೂ ಎರಡು ಎಚ್ಚರಿಕೆಗಳಿವೆ. ಹೃದಯಕ್ಕೆ ಪೇಸ್‌ಮೇಕರ್ ಎಂಬ ಯಂತ್ರ ಇಟ್ಟವರು ಅಯಸ್ಕಾಂತವಿರುವ ಫೋನನ್ನು ಎದೆಯ ಕಿಸೆಯಲ್ಲಿ ಇಡಬಾರದು. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಆ ಪುಟ್ಟ ತುದಿ ಬಿಡಿಯಾಗಿ ಬಿದ್ದಿರಬಾರದು. ಮಗು ಎರಡು ಅಯಸ್ಕಾಂತಗಳನ್ನು ನುಂಗಿದರೆ ಅವು ಹೊಟ್ಟೆಯೊಳಗೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ. ಅದು ಪ್ರಾಣಕ್ಕೇ ಅಪಾಯ.

ಉಳಿದದ್ದು ಗೋಡೆಯ ಕಡೆಯ ಕೆಲಸ. ಅಲ್ಲಿ ಅಯಸ್ಕಾಂತ ಉಪಯೋಗಕ್ಕೆ ಬಾರದು. ಚಾರ್ಜರನ್ನು ದಿನವೂ ಸಾಕೆಟ್ಟಿಗೆ ಹಾಕಿ ತೆಗೆಯಲು ಬೆರಳಿಗೆ ಇನ್ನೂ ಹೆಚ್ಚು ಬಲ ಬೇಕು. ಆದ್ದರಿಂದ ಅದನ್ನು ಅಲ್ಲಿಯೇ ಬಿಟ್ಟು, ಸ್ವಿಚ್ಚಿನಿಂದ ಮಾತ್ರ ಹಾಕಿ ಆರಿಸುವಂತೆ ಮಾಡಿದೆವು. ಸಾಲಿನಲ್ಲಿ ನಾಲ್ಕು ಸ್ವಿಚ್ಚುಗಳಿವೆ. ಚಾರ್ಜರಿನ ಸ್ವಿಚ್ಚಿಗೆ ಬಿಳಿ ಚುಕ್ಕೆ ಇದೆ. ಸಿಡಿಲು ಬರುವ ದಿನ ಮಾತ್ರ ಚಾರ್ಜರನ್ನು ಪೂರ್ತಿ ತೆಗೆಯಬೇಕು. ಮೋಡ ಕವಿದ ಕೂಡಲೇ ಪಕ್ಕದ ಮನೆಯ ಹುಡುಗನೇ ಓಡಿ ಬಂದು ತೆಗೆದುಕೊಡುತ್ತಾನೆ.

ಉಳಿದ ದಿನಗಳಲ್ಲಿ ಅವನು ಈಗಲೂ ಬರುತ್ತಾನೆ, ಆದರೆ ಚಾರ್ಜಿಗೆ ಇಡಲು ಅಲ್ಲ. ಜಗಲಿಯಲ್ಲಿ ಕುಳಿತು ದೊಡ್ಡಮ್ಮ ಕೊಟ್ಟ ಹಪ್ಪಳ ತಿಂದು, ಮಾತಾಡಿ ಹೋಗುತ್ತಾನೆ.

ಮಾಡಿ ನೋಡಿ

1. ನಿಮ್ಮ ಮನೆಯ ಹಿರಿಯರು ಫೋನನ್ನು ಚಾರ್ಜಿಗೆ ಇಡುವುದನ್ನು ಗಮನಿಸಿ. ಹುಡುಕುವುದು, ದಿಕ್ಕು ತಿಳಿಯುವುದು, ಒತ್ತುವುದು, ಇವುಗಳಲ್ಲಿ ಅವರಿಗೆ ಯಾವುದು ಕಷ್ಟ? ಅವರನ್ನೇ ಕೇಳಿ ಬರೆಯಿರಿ.

2. ಅವರ ಒಪ್ಪಿಗೆ ಪಡೆದು, ಸ್ವಿಚ್ ಆರಿಸಿ, ಅವರ ಪಿನ್ನಿಗೆ ಒಂದು ಉಬ್ಬು ಚುಕ್ಕೆ ಇಡಿ. ಒಂದು ವಾರದ ಮೇಲೆ ಅದು ಉಳಿದಿದೆಯೇ ಎಂದು ನೋಡಿ.

3. ದೀಪ ಉರಿಯುತ್ತಿದ್ದರೂ ಫೋನ್ ಚಾರ್ಜ್ ಆಗದಿರಬಹುದು. ಏಕೆ? ಗೆಳೆಯರೊಡನೆ ಚರ್ಚಿಸಿ.