ಮ್ಯಾಚ್ ಆಗಿ ಇಪ್ಪತ್ತೇ ನಿಮಿಷ, ಆಗಲೇ ನಂಬರ್ ಬೇಕಂತೆ

ನಮ್ಮ ಹಾಸ್ಟೆಲ್‌ನಲ್ಲಿ ಮ್ಯಾಚ್ ಅಂದ್ರೆ ಈಗ ಕ್ರಿಕೆಟ್ ಮಾತ್ರ ಅಲ್ಲ. ಯಾರ ಫೋನಿನಲ್ಲಿ ಟಿಂಡರ್ ಇದೆ, ಯಾರದ್ದರಲ್ಲಿ ಬಂಬಲ್ ಇದೆ ಅಂತ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತು. ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ. ನಮ್ಮ ವಿಷಯ ಚಿಕ್ಕದು. ಮ್ಯಾಚ್ ಆಗಿ ಇಪ್ಪತ್ತು ನಿಮಿಷ ಆಗಿರಲ್ಲ, ‘ಈ ಆಪ್ ಬೋರು, ವಾಟ್ಸಾಪ್ ನಂಬರ್ ಕೊಡಿ’ ಅಂತ ಮೆಸೇಜ್ ಬರುತ್ತೆ. ಆಗ ಏನು ಹೇಳೋದು?

ಹಾಗೆ ಕೇಳಿದವರೆಲ್ಲ ಮೋಸಗಾರರಲ್ಲ. ಎಷ್ಟೋ ಜನ ಆಪ್‌ನ ನೋಟಿಫಿಕೇಶನ್ ಆಫ್ ಮಾಡಿಟ್ಟಿರ್ತಾರೆ. ರೂಮ್‌ಮೇಟ್ ಎದುರಿಗೆ ಆಪ್ ತೆಗೆಯೋಕೆ ಕೆಲವರಿಗೆ ಮುಜುಗರ. ಆದರೆ ಮೋಸ ಮಾಡುವವರಿಗೂ ಆಪ್‌ನಿಂದ ಹೊರಗೆ ಬರೋ ಅವಸರ ಇರುತ್ತೆ. ಅವರ ಪ್ರೊಫೈಲನ್ನು ಯಾರಾದರೂ ರಿಪೋರ್ಟ್ ಮಾಡಿದರೆ ಅದು ಹೋಗಬಹುದು. ಅಷ್ಟರೊಳಗೆ ನಿಮ್ಮ ನಂಬರ್ ಅವರ ಕೈಲಿದ್ದರೆ ಅವರಿಗೆ ಆಪ್ ಬೇಕಾಗೇ ಇಲ್ಲ. ಅಂದ್ರೆ ಪ್ರಶ್ನೆ ಒಂದೇ, ಕೇಳುವವರು ಎರಡು ಥರ. ಯಾರು ಯಾವ ಥರ ಅನ್ನೋದು ನಾವು ‘ಈಗ ಬೇಡ’ ಅಂದ ಮೇಲೆ ಬರುವ ಉತ್ತರದಲ್ಲಿ ಗೊತ್ತಾಗುತ್ತೆ.

‘ಹತ್ತು ಅಂಕಿ ತಾನೇ, ಬೇಡ ಅನಿಸಿದರೆ ಬ್ಲಾಕ್ ಮಾಡಿದ್ರಾಯ್ತು’ ಅನ್ನೋರು ನಮ್ಮಲ್ಲೂ ಇದ್ದರು. ಹೋದ ಸೆಮಿಸ್ಟರ್ ಒಂದು ರಾತ್ರಿ ನಾವು ನಾಲ್ಕು ಜನ ಸೇರಿ ನಮ್ಮದೇ ನಂಬರ್‌ಗಳ ಮೇಲೆ ಒಂದು ಪ್ರಯೋಗ ಮಾಡಿದೆವು. ನಮ್ಮ ಯಾರ ನಂಬರೂ ಸೇವ್ ಆಗಿರದ ಒಂದು ಫೋನ್ ತಗೊಂಡು ಪೇಮೆಂಟ್ ಆಪ್‌ನಲ್ಲಿ ನಂಬರ್ ಹಾಕಿದೆವು. ಒಂದು ರೂಪಾಯಿ ಕಳಿಸುವ ಮೊದಲೇ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಬಂತು, ಒಬ್ಬರದ್ದು ಅಪ್ಪನ ಹೆಸರಿನ ಸಮೇತ. ಟ್ರೂಕಾಲರ್‌ನಲ್ಲಿ ಇನ್ನೊಬ್ಬರ ಹೆಸರಿನ ಜೊತೆ ಬ್ರಾಂಚೂ ಇತ್ತು, ಯಾರೋ ಹಾಗೆ ಸೇವ್ ಮಾಡಿಕೊಂಡಿದ್ದರಿಂದ. ವಾಟ್ಸಾಪ್ ಡಿಪಿಯಲ್ಲಿ ಗೃಹಪ್ರವೇಶದ ಫೋಟೊ, ಹಿಂದೆ ಮನೆಯ ಹೆಸರು ಕೆತ್ತಿದ ಕಲ್ಲು. ಪೂರ್ತಿ ಹೆಸರು ಗೊತ್ತಾದ ಮೇಲೆ ಲಿಂಕ್ಡ್‌ಇನ್‌ನಲ್ಲಿ ಕಾಲೇಜು ಸಿಕ್ಕಿತು. ಇಷ್ಟಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಬ್ಲಾಕ್ ಮಾಡಿದರೆ ಮುಂದಿನ ಮೆಸೇಜ್ ನಿಲ್ಲುತ್ತೆ, ಆದರೆ ಆಗಲೇ ನೋಡಿಕೊಂಡದ್ದನ್ನು ವಾಪಸ್ ತಗೊಳ್ಳೋಕಾಗಲ್ಲ.

ಇನ್‌ಸ್ಟಾ ಐಡಿ ನಂಬರ್‌ಗಿಂತ ಹಗುರ ಅನ್ನಿಸುತ್ತೆ. ಆದರೆ ಅಲ್ಲಿ ಬೆಲೆ ಇರೋದು ನಮ್ಮ ಫೋಟೊಗಳಿಗಲ್ಲ, ಫಾಲೋವರ್ಸ್ ಪಟ್ಟಿಗೆ. ವಿಡಿಯೊ ಕಾಲ್ ಬ್ಲ್ಯಾಕ್‌ಮೇಲ್ ನಡೆಯೋದೇ ಹೀಗೆ. ಮೊದಲು ಐಡಿ ಕೇಳ್ತಾರೆ, ಪಟ್ಟಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ತಾರೆ. ಆಮೇಲೆ ರಾತ್ರಿ ವಿಡಿಯೊ ಕಾಲ್, ಬಟ್ಟೆ ತೆಗೆಯೋ ಮಾತು, ಈ ಕಡೆಯ ರೆಕಾರ್ಡಿಂಗ್. ಮರುಕ್ಷಣ ‘ದುಡ್ಡು ಹಾಕು, ಇಲ್ಲಾಂದ್ರೆ ನಿನ್ನ ಅಕ್ಕನಿಗೆ ಕಳಿಸ್ತೀವಿ’ ಅಂತ ಬೆದರಿಕೆ. ‘ನಮ್ಮಕ್ಕ ಇವರಿಗೆ ಹೇಗೆ ಗೊತ್ತು’ ಅಂತ ಎದೆ ಒಡೆಯುತ್ತಲ್ಲ, ಅದಕ್ಕೇ ಬೇಕಿತ್ತು ಆ ಐಡಿ. ಇದು ಹುಡುಗಿಯರ ಸಮಸ್ಯೆ ಅಂತ ಹುಡುಗರು ಅಂದ್ಕೊಳ್ಳೋದು ಬೇಡ. ಈ ಬಲೆಗೆ ನಮ್ಮ ವಯಸ್ಸಿನ ಹುಡುಗರೇ ಬೇಕಾದಷ್ಟು ಸಿಕ್ಕಿಬೀಳ್ತಾರೆ. ಅಕೌಂಟ್ ಪ್ರೈವೇಟ್ ಇದ್ದು, ಅವರ ರಿಕ್ವೆಸ್ಟನ್ನು ನಾವು ಒಪ್ಪದಿದ್ದರೆ ಆ ಪಟ್ಟಿ ಅವರಿಗೆ ಕಾಣಲ್ಲ.

ಅಡ್ರೆಸ್ ಅಂತ ನೇರವಾಗಿ ಕೇಳೋರು ಕಡಿಮೆ. ‘ನಿಮಗೆ ಬಿರಿಯಾನಿ ಆರ್ಡರ್ ಮಾಡ್ತೀನಿ, ಲೊಕೇಶನ್ ಹಾಕಿ’ ಅಂತಾನೋ, ‘ಯಾವ ಹಾಸ್ಟೆಲ್, ಹುಡುಗೀರ ಹೊಸ ಬ್ಲಾಕಾ?’ ಅಂತಾನೋ ಕೇಳ್ತಾರೆ. ಕಾಲೇಜು, ಬ್ರಾಂಚು, ಹಾಸ್ಟೆಲ್ ಮೂರೂ ಸೇರಿದರೆ ಅದೇ ನಮ್ಮ ಅಡ್ರೆಸ್. ವಿದೇಶದಲ್ಲಿದ್ದೀನಿ ಅನ್ನೋ ಮ್ಯಾಚ್ ಗಿಫ್ಟ್ ಕಳಿಸೋಕೆ ಅಡ್ರೆಸ್ ಕೇಳಿದರೆ ಮುಂದಿನ ಹೆಜ್ಜೆ ಹೆಚ್ಚುಕಡಿಮೆ ಗೊತ್ತಿರುವುದೇ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ಫೀಸ್ ಕಟ್ಟಿ ಅಂತ ಯಾರೋ ‘ಆಫೀಸರ್’ ಫೋನ್ ಮಾಡ್ತಾರೆ. ನಂಬರ್ ಬದಲಾಯಿಸಬಹುದು, ಐಡಿ ಬದಲಾಯಿಸಬಹುದು. ಹಾಸ್ಟೆಲ್ ರೂಮನ್ನು ಸೆಮಿಸ್ಟರ್ ಮಧ್ಯೆ ಬದಲಾಯಿಸೋಕೆ ವಾರ್ಡನ್‌ಗೆ ಏನಂತ ಅರ್ಜಿ ಬರೆಯೋದು?

ಹಾಗಾದರೆ ಉತ್ತರ ಹೇಗಿರಬೇಕು? ನಮ್ಮ ಗುಂಪಿನಲ್ಲಿ ಒಪ್ಪಿಗೆಯಾದದ್ದು ಎರಡು ವಾಕ್ಯದ ಉತ್ತರ. ಮೊದಲನೆಯದು ಬೇಡ ಅನ್ನುತ್ತೆ, ಎರಡನೆಯದು ಮಾತನ್ನು ಮುಂದುವರಿಸುತ್ತೆ. ‘ಭೇಟಿ ಆಗೋವರೆಗೂ ನಾನು ಯಾರಿಗೂ ನಂಬರ್ ಕೊಡಲ್ಲ. ಟ್ರೆಕ್ಕಿಂಗ್ ಹೋಗ್ತೀರಾ ಅಂತ ಬರೆದಿದ್ರಲ್ಲ, ಯಾವ ಬೆಟ್ಟ?’ ಇಲ್ಲಿ ಸಾರಿ ಇಲ್ಲ, ಕಾರಣವೂ ಇಲ್ಲ. ‘ಫೋನ್ ರಿಪೇರಿಗೆ ಕೊಟ್ಟಿದೀನಿ’ ಥರದ ಸುಳ್ಳು ಹೇಳಿದರೆ ನಾಳೆ ‘ರಿಪೇರಿ ಆಯ್ತಾ?’ ಅಂತ ಕೇಳ್ತಾರೆ. ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರ ಹುಡುಕ್ತಾರೆ. ನಿಯಮ ಹೇಳಿದರೆ ವಾದಕ್ಕೆ ಜಾಗ ಇರಲ್ಲ.

ಈಗ ಆ ಕಡೆಯ ಉತ್ತರ ನೋಡಿ. ‘ಓಕೆ, ಪರವಾಗಿಲ್ಲ. ಸಾವನದುರ್ಗ ಹೋಗಿದ್ದೆ, ಕಾಲು ಬಿದ್ದೋಯ್ತು’ ಅಂದರೆ ಮಾತು ಸರಿದಾರಿಯಲ್ಲಿದೆ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅಂದರೆ ಒಂದು ಸಲ ಮಾತ್ರ ‘ನಂಬಿಕೆ ಪ್ರಶ್ನೆ ಅಲ್ಲ, ಎಲ್ಲರಿಗೂ ಇದೇ ನಿಯಮ’ ಅನ್ನಿ. ಮತ್ತೆ ಕೇಳಿದರೆ, ಕೋಪ ಮಾಡಿಕೊಂಡರೆ, ‘ನನ್ನ ನಂಬರ್ ತಗೋ, ಒಂದು ಮಿಸ್ಡ್ ಕಾಲ್ ಕೊಡು’ ಅಂದರೆ ಮಾತು ಮುಗಿಯಿತು ಅಂತ ಅರ್ಥ. ಮಿಸ್ಡ್ ಕಾಲ್ ಕೊಟ್ಟರೆ ನಂಬರ್ ಕೊಟ್ಟ ಹಾಗೇ ತಾನೇ.

ಇದರಲ್ಲೊಂದು ಮಿತಿ ಇದೆ. ಪಳಗಿದ ಮೋಸಗಾರರು ‘ಪರವಾಗಿಲ್ಲ’ ಅಂತ ವಾರಗಟ್ಟಲೆ ಕಾಯಬಲ್ಲರು. ಹಾಗಾಗಿ ಒಳ್ಳೆ ಉತ್ತರ ಬಂದ ಕೂಡಲೇ ನಂಬರ್ ಕೊಡೋದಲ್ಲ. ಬಂಬಲ್‌ನಂಥ ಆಪ್ ಒಳಗೇ ವಿಡಿಯೊ ಕಾಲ್ ಇದೆ, ಮೊದಲು ಹಗಲು ಹೊತ್ತಿನಲ್ಲಿ ಅದರಲ್ಲಿ ಐದು ನಿಮಿಷ ಮಾತಾಡಿ. ಫೋಟೊದಲ್ಲಿರುವ ಮುಖವೇ ಇದೆಯಾ ನೋಡಿ. ಆಮೇಲೆ ಜನ ಇರೋ ಕಡೆ ಒಂದು ಭೇಟಿ. ನಂಬರ್ ಅದಾದ ಮೇಲೆ.

ಕೊಡುವ ಹೊತ್ತಿಗೆ ವಾಟ್ಸಾಪ್‌ನ Settings > Privacy ಒಳಗೆ Profile photo, Last seen, About ಮೂರನ್ನೂ My contacts ಮಾಡಿಟ್ಟಿರಿ. ಆ ವ್ಯಕ್ತಿಯ ನಂಬರನ್ನು ಸೇವ್ ಮಾಡಿದರೆ ಅವರೂ ಕಾಂಟ್ಯಾಕ್ಟ್ ಆಗಿಬಿಡ್ತಾರೆ, ಆದ್ದರಿಂದ ಸ್ವಲ್ಪ ದಿನ ಸೇವ್ ಮಾಡಬೇಡಿ. Two-step verification ಆನ್ ಮಾಡಿ. ‘ತಪ್ಪಿ ನಿನ್ನ ಫೋನಿಗೆ ಆರು ಅಂಕಿಯ ಕೋಡ್ ಬಂದಿದೆ, ಕಳಿಸು’ ಅಂದರೆ ಅದು ನಿಮ್ಮದೇ ವಾಟ್ಸಾಪ್‌ನ ಬೀಗದ ಕೈ, ಯಾರಿಗೂ ಕಳಿಸಬಾರದು.

ಬೇಡ ಅನಿಸಿದವರನ್ನು ಅನ್‌ಮ್ಯಾಚ್ ಮಾಡೋ ಮೊದಲು ಪ್ರೊಫೈಲ್, ಚಾಟ್ ಎರಡರ ಸ್ಕ್ರೀನ್‌ಶಾಟ್ ತೆಗೆದು, ಆಪ್‌ನಲ್ಲೇ ರಿಪೋರ್ಟ್ ಮಾಡಿ. ಅನ್‌ಮ್ಯಾಚ್ ಆದ ಮೇಲೆ ಚಾಟ್ ಕಾಣಲ್ಲ, ಸಾಕ್ಷಿಯೂ ಅದರ ಜೊತೆಗೇ ಹೋಗುತ್ತೆ. ಬೆದರಿಕೆ ಬಂದರೆ ಒಂದು ರೂಪಾಯಿಯೂ ಹಾಕಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳ್ತಾರೆ. ಸೈಬರ್ ಅಪರಾಧದ ಸಹಾಯವಾಣಿ 1930, ದೂರು ಬರೆಯೋಕೆ cybercrime.gov.in. ಯಾರಾದರೂ ಗೆಳೆಯರು ರಾತ್ರಿ ಎರಡು ಗಂಟೆಗೆ ಬೆವರುತ್ತಾ ಬಂದು ‘ಹಿಂಗಾಗೋಯ್ತು ಮಗಾ’ ಅಂದರೆ, ‘ಯಾಕೆ ಕೊಟ್ಟೆ?’ ಅಂತ ಕೇಳೋಕೆ ಬೆಳಿಗ್ಗೆ ಬೇಕಾದಷ್ಟು ಹೊತ್ತಿದೆ. ಮೊದಲು ಪಕ್ಕದಲ್ಲಿ ಕೂತು ಆ 1930ಕ್ಕೆ ಫೋನ್ ಮಾಡಿಸಿ.