89 ಡಾಲರಿನ ಕೋಣೆ

2023ರ ಅಕ್ಟೋಬರಿನಲ್ಲಿ ನಾನು ಮತ್ತು ನನ್ನಾಕೆ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಅವನಿರುವುದು ಲಾಸ್ ಏಂಜಲೀಸ್ ಹತ್ತಿರ. ಗ್ರ್ಯಾಂಡ್ ಕ್ಯಾನಿಯನ್ ತೋರಿಸುತ್ತೇನೆಂದು ಒಂದು ವಾರ ರಜೆ ಹಾಕಿದ. ಹತ್ತಿರದ ದಾರಿಯಲ್ಲ. ನಡುವೆ ಲಾಸ್ ವೇಗಾಸ್‌ನಲ್ಲಿ ಎರಡು ರಾತ್ರಿ ತಂಗುವುದೆಂದು ತೀರ್ಮಾನವಾಯಿತು. "ಜೂಜಿನ ಊರಿನಲ್ಲಿ ನಮಗೇನು ಕೆಲಸ?" ಎಂದು ನನ್ನಾಕೆ ಗೊಣಗಿದಳು. "ಅಮ್ಮಿ, ವಾರದ ನಡುವೆ ಅಲ್ಲಿ ಕೋಣೆ ಬಹಳ ಅಗ್ಗ. ಮಲಗೋದು, ಹೂವರ್ ಅಣೆಕಟ್ಟು ನೋಡೋದು, ಹೊರಡೋದು" ಎಂದು ಮಗ ಸಮಾಧಾನಪಡಿಸಿದ.

ಕೋಣೆ ಕಾದಿರಿಸುವಾಗ ನಾನೂ ಪಕ್ಕದಲ್ಲೇ ಕುಳಿತಿದ್ದೆ. ಪರದೆಯ ಮೇಲೆ ಹೋಟೆಲುಗಳು ಕಡಿಮೆ ಬೆಲೆಯಿಂದ ಹೆಚ್ಚು ಬೆಲೆಗೆ ಸಾಲಾಗಿ ನಿಂತಿದ್ದವು. ಮೇಲ್ಗಡೆ ಇದ್ದ ಒಂದರಲ್ಲಿ ಎರಡು ದೊಡ್ಡ ಮಂಚಗಳ ಕೋಣೆಗೆ ರಾತ್ರಿಗೆ 89 ಡಾಲರ್. ಎಷ್ಟೋ ಕೆಳಗೆ ಇನ್ನೊಂದು ಸಾಧಾರಣ ಹೋಟೆಲು, ಅದಕ್ಕೆ 129 ಡಾಲರ್. ನಾನೇ ಬೆರಳು ತೋರಿಸಿ, "89ರದ್ದೇ ಸಾಕು, ಮಲಗೋಕೆ ಅರಮನೆ ಯಾಕೆ?" ಎಂದೆ. ಎರಡು ರಾತ್ರಿಗೆ 178 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 15 ಸಾವಿರ ರೂಪಾಯಿ. ಹಣ ಕಟ್ಟುವ ಕೊನೆಯ ಪುಟದಲ್ಲಿ ಅದು ತೆರಿಗೆ ಸೇರಿ 201 ಡಾಲರ್ 82 ಸೆಂಟ್ ಆಗಿತ್ತು. ತೆರಿಗೆ ತಾನೇ, ಎಲ್ಲ ದೇಶದಲ್ಲೂ ಇರುವುದೇ ಎಂದುಕೊಂಡೆವು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಇತ್ತು. ನಾವು ಓದಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಕೀಲಿ ಒಪ್ಪಿಸಲು ಹೋದಾಗ ಬಿಲ್ಲು ಕೈಗೆ ಬಂತು. ಮಗ ಅದನ್ನು ಎರಡು ಸಲ ಓದಿದ. 'ರೆಸಾರ್ಟ್ ಫೀ', ರಾತ್ರಿಗೆ 45 ಡಾಲರಿನಂತೆ 90 ಡಾಲರ್. ಅದರ ಮೇಲೆ ತೆರಿಗೆ 12 ಡಾಲರ್ 4 ಸೆಂಟ್. ಅಂದರೆ ಮೊದಲೇ ಕಟ್ಟಿದ್ದಲ್ಲದೆ ಇನ್ನೂ 102 ಡಾಲರ್ 4 ಸೆಂಟ್ ಕೊಡಬೇಕು. ಕೋಣೆಯ ಒಟ್ಟು ಖರ್ಚು 303 ಡಾಲರ್ 86 ಸೆಂಟ್ ಆಯಿತು. ನಮ್ಮ ಲೆಕ್ಕದಲ್ಲಿ 15 ಸಾವಿರದ್ದು 25 ಸಾವಿರ ದಾಟಿತ್ತು.

ಈ ರೆಸಾರ್ಟ್ ಫೀ ಎಂದರೇನು ಎಂದು ಮಗ ಕೇಳಿದ. ಮೇಜಿನ ಹಿಂದಿದ್ದ ಹುಡುಗಿ ಬಹಳ ವಿನಯದಿಂದಲೇ ಉತ್ತರಿಸಿದಳು: ಇಂಟರ್‌ನೆಟ್, ವ್ಯಾಯಾಮ ಶಾಲೆ, ಈಜುಕೊಳ, ಸ್ಥಳೀಯ ದೂರವಾಣಿ ಕರೆ. ನಾವು ಕೊಳಕ್ಕೆ ಇಳಿದಿಲ್ಲ, ವ್ಯಾಯಾಮ ಶಾಲೆಯ ಬಾಗಿಲನ್ನೂ ನೋಡಿಲ್ಲ ಎಂದರೆ, ಬಳಸಿದರೂ ಬಿಟ್ಟರೂ ಅದು ಕಡ್ಡಾಯ ಎಂದಳು. ಕಾದಿರಿಸಿದಾಗ ಬಂದ ಪತ್ರವನ್ನು ತೆಗೆದು, ಹೋಟೆಲಿನಲ್ಲಿ ಪಾವತಿಸಬೇಕಾದ ಶುಲ್ಕ ಎಂಬ ಸಾಲನ್ನು ತೋರಿಸಿದಳು. ಅಲ್ಲಿಗೆ ವಾದ ಮುಗಿಯಿತು. ಬೆಲೆಯನ್ನು ಬಚ್ಚಿಟ್ಟಿದ್ದರೆ ಜಗಳವಾಡಬಹುದಿತ್ತು. ಬಚ್ಚಿಟ್ಟಿರಲಿಲ್ಲ, ಕಣ್ಣಿಗೆ ಬೀಳದ ಜಾಗದಲ್ಲಿ ಇಟ್ಟಿದ್ದರು, ಅಷ್ಟೇ.

ಬಿಲ್ಲಿನ ಕೆಳಗೆ ಇನ್ನೂ ಒಂದು ಬಾಬತ್ತು ಇತ್ತು. ಮೊದಲ ರಾತ್ರಿ ನನ್ನಾಕೆಗೆ ಮಂಡಿನೋವು. ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಕೂಡ ಇರಲಿಲ್ಲ. ಫೋನು ಮಾಡಿ ಚಹಾ ಮತ್ತು ತರಕಾರಿ ಸ್ಯಾಂಡ್‌ವಿಚ್ ತರಿಸಿದೆವು. ಅದರ ಬೆಲೆ 22 ಡಾಲರ್. ಅದಕ್ಕೆ ಶೇ. 20ರ ಸೇವಾ ಶುಲ್ಕ 4 ಡಾಲರ್ 40 ಸೆಂಟ್, ಕೋಣೆಗೆ ತಂದುಕೊಟ್ಟದ್ದಕ್ಕೆ 5 ಡಾಲರ್, ಮಾರಾಟ ತೆರಿಗೆಯೂ ಸೇರಿ 33 ಡಾಲರ್ ದಾಟಿತು. ಇಷ್ಟರ ಮೇಲೆ ಚೀಟಿಯ ಕೊನೆಯಲ್ಲಿ ಭಕ್ಷೀಸು ಬರೆಯಲು ಒಂದು ಖಾಲಿ ಗೆರೆ. ತಟ್ಟೆ ತಂದ ಹುಡುಗನ ಮುಖ ನೋಡಿ ಮಗ ಅಲ್ಲೂ 4 ಡಾಲರ್ ಬರೆದಿದ್ದ. ಸೇವಾ ಶುಲ್ಕವೇ ಆ ಹುಡುಗನದ್ದಲ್ಲವೇ ಎಂದು ನಾನು ಕೇಳಿದೆ. ಅಲ್ಲ ಎಂಬುದು ಆಮೇಲೆ ತಿಳಿಯಿತು. ಅಮೆರಿಕದ ತೆರಿಗೆ ನಿಯಮದಲ್ಲಿ ಕಡ್ಡಾಯವಾಗಿ ಹಾಕುವ ಸೇವಾ ಶುಲ್ಕ ಭಕ್ಷೀಸಲ್ಲ, ಅದು ಮಾಲೀಕನ ಆದಾಯ. ಅದರಲ್ಲಿ ಕೆಲಸಗಾರನಿಗೆ ಕೊಟ್ಟದ್ದು ಸಂಬಳವೆಂದು ಲೆಕ್ಕ. ನಮ್ಮ ದೇಶದಲ್ಲಿ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹೋಟೆಲು, ರೆಸ್ಟೋರೆಂಟುಗಳು ಬಿಲ್ಲಿಗೆ ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸಬಾರದೆಂದು ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು.

ಅಂದು ಮಗ ಮಾತಿಲ್ಲದೆ ಕಾರ್ಡು ಕೊಟ್ಟ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಇಷ್ಟು ಓದಿದವನು, ಒಂದು ಕಾಗದ ನೆಟ್ಟಗೆ ಓದೋಕೆ ಬರಲ್ವಾ?" ಎಂದು ಸೊಸೆಯ ಎದುರಿಗೇ ಅಂದುಬಿಟ್ಟೆ. ಜೂಜಿನ ಊರಿನಲ್ಲಿ ಜೂಜಾಡದೆಯೇ ಸೋತೆವು ಎಂದೂ ಸೇರಿಸಿದೆ. ಯಾರೂ ನಗಲಿಲ್ಲ. ನೂರು ಮೈಲಿಯವರೆಗೆ ಕಾರಿನಲ್ಲಿ ಮಾತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ನಿಂತಾಗ ಮಗ ಕಾಗದದ ಕರವಸ್ತ್ರದ ಮೇಲೆ ಒಂದು ಲೆಕ್ಕ ಬರೆದು ನನ್ನ ಮುಂದಿಟ್ಟ. 89ಕ್ಕೆ 45 ಸೇರಿಸಿದರೆ 134. ಅದರ ಮೇಲೆ ಅಲ್ಲಿಯ ಕೋಣೆ ತೆರಿಗೆ ಶೇ. 13.38. ಒಟ್ಟು ರಾತ್ರಿಗೆ 151 ಡಾಲರ್ 93 ಸೆಂಟ್. ರೆಸಾರ್ಟ್ ಫೀ ಇಲ್ಲದ ಆ ಸಾಧಾರಣ ಹೋಟೆಲಿನ 129ಕ್ಕೆ ಅಷ್ಟೇ ತೆರಿಗೆ ಹಾಕಿದರೂ 146 ಡಾಲರ್ 26 ಸೆಂಟ್. "ಅಬ್ಬಾ, ನಾವು ದುಬಾರಿ ಅಂತ ಬಿಟ್ಟಿದ್ದೇ ಅಗ್ಗದ್ದು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ಹೆಚ್ಚು ಚುಚ್ಚಿತು. ಏಕೆಂದರೆ 89ರ ಮೇಲೆ ಬೆರಳಿಟ್ಟವನು ನಾನು.

ಆ ಲೆಕ್ಕದಲ್ಲೇ ಈ ಶುಲ್ಕದ ಗುಟ್ಟೂ ಇದೆ. ಪರದೆಯ ಮೇಲೆ ಹೋಟೆಲುಗಳು ಬೆಲೆಯ ಕ್ರಮದಲ್ಲಿ ನಿಲ್ಲುತ್ತವೆ. ಮೇಲಿನ ನಾಲ್ಕಾರನ್ನು ನೋಡಿ ನಾವು ಆರಿಸುತ್ತೇವೆ. ಬೆಲೆಯ ಒಂದು ತುಂಡನ್ನು ಮುರಿದು ಪಕ್ಕಕ್ಕಿಟ್ಟರೆ ಹೋಟೆಲು ಸಾಲಿನಲ್ಲಿ ಮೇಲಕ್ಕೆ ಬರುತ್ತದೆ. ಇನ್ನೊಂದು ಲಾಭವೂ ಇತ್ತು. ಕೋಣೆ ಕಾದಿರಿಸಿಕೊಡುವ ಮಧ್ಯವರ್ತಿಗಳು ಸಾಮಾನ್ಯವಾಗಿ ಕೋಣೆಯ ಬಾಡಿಗೆಯ ಮೇಲೆ ದಲ್ಲಾಳಿ ಪಡೆಯುತ್ತಿದ್ದರು. ಹೋಟೆಲಿನಲ್ಲಿ ವಸೂಲಾಗುವ ರೆಸಾರ್ಟ್ ಫೀ ಪೂರ್ತಿ ಹೋಟೆಲಿಗೇ ಉಳಿಯುತ್ತಿತ್ತು. ಇದಕ್ಕೆ ಸಿಕ್ಕಿಬೀಳದಿರುವ ದಾರಿ ಒಂದೇ: ಒಂದು ರಾತ್ರಿಯ ಬೆಲೆಯನ್ನು ಹೋಲಿಸದೆ, ಪ್ರತಿಯೊಂದು ಹೋಟೆಲಿನಲ್ಲೂ ಕೊನೆಯ ಪುಟದವರೆಗೆ ಹೋಗಿ, 'ಹೋಟೆಲಿನಲ್ಲಿ ಪಾವತಿಸಬೇಕು' ಎಂಬ ಸಾಲನ್ನೂ ಕೂಡಿಸಿ, ಎಲ್ಲ ರಾತ್ರಿಗಳ ಒಟ್ಟು ಮೊತ್ತವನ್ನು ಹೋಲಿಸುವುದು. ಪ್ರವಾಸದ ಗಡಿಬಿಡಿಯಲ್ಲಿ ಇಪ್ಪತ್ತು ಹೋಟೆಲಿಗೆ ಹೀಗೆ ಲೆಕ್ಕ ಹಾಕುವವರು ಎಷ್ಟು ಜನ?

ಅಲ್ಲಿಯ ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿಯೇ 22 ಹೋಟೆಲು ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು. ಹೀಗೆ ಒಡೆದು ಹೇಳಿದ ಬೆಲೆಯಿಂದ ಗ್ರಾಹಕನಿಗೆ ನಷ್ಟವೇ ಎಂದು ಅದೇ ಸಂಸ್ಥೆಯ ಅಧ್ಯಯನ 2017ರಲ್ಲಿ ಹೇಳಿತು. ಆದರೂ ಶುಲ್ಕ ನಿಲ್ಲಲಿಲ್ಲ. ಕೊನೆಗೆ 2025ರ ಮೇ 12ರಿಂದ ಒಂದು ನಿಯಮ ಜಾರಿಗೆ ಬಂತು. ಅದರಂತೆ ಹೋಟೆಲು ಬೆಲೆ ತೋರಿಸುವುದಾದರೆ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಒಟ್ಟು ಬೆಲೆಯನ್ನೇ, ಎದ್ದು ಕಾಣುವಂತೆ ತೋರಿಸಬೇಕು. ನಿಯಮಕ್ಕೆ ಮಿತಿಯೂ ಇದೆ. ರೆಸಾರ್ಟ್ ಫೀಯನ್ನು ಅದು ರದ್ದು ಮಾಡಿಲ್ಲ, ಇಂತಿಷ್ಟೇ ಎಂದು ಕಟ್ಟುಪಾಡು ಹಾಕಿಲ್ಲ. ಸರ್ಕಾರಿ ತೆರಿಗೆಯನ್ನು ಮೊದಲ ಬೆಲೆಯಿಂದ ಹೊರಗಿಡಬಹುದು, ಆದರೆ ಹಣ ಕೇಳುವ ಮುಂಚೆ ತಿಳಿಸಬೇಕು. ನಮ್ಮ ಕೋಣೆಗೆ ಅನ್ವಯಿಸಿ ಹೇಳುವುದಾದರೆ, 89 ಎಂದು ತೋರಿಸುವಂತಿಲ್ಲ, 134 ಎಂದೇ ತೋರಿಸಬೇಕು. 129ರ ಹೋಟೆಲು ಈಗ ಅದಕ್ಕಿಂತ ಮೇಲೆ ನಿಲ್ಲುತ್ತದೆ. ತೆರಿಗೆಯ 18 ಡಾಲರು ಮಾತ್ರ ಈಗಲೂ ಕೊನೆಯ ಪುಟದಲ್ಲಿ ಬಂದು ಕೂರಬಹುದು.

ಈ ಸುದ್ದಿಯನ್ನು ಮಗ ಫೋನಿನಲ್ಲಿ ಹೇಳಿದಾಗ ನನಗೆ ಸಂತೋಷಕ್ಕಿಂತ ಮುಜುಗರವೇ ಹೆಚ್ಚಾಯಿತು. ಅದಕ್ಕೆ ಕಾರಣವಿದೆ.

ನಮ್ಮೂರ ಶಾದಿ ಮಹಲಿನ ಸಮಿತಿಗೆ ನಾನು ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೆ. ಬಾಗಿಲಲ್ಲಿ ದೊಡ್ಡ ಬೋರ್ಡು: ದಿನದ ಬಾಡಿಗೆ 15 ಸಾವಿರ ರೂಪಾಯಿ. ಪಾತ್ರೆ, ಸ್ವಚ್ಛತೆ, ಮೀಟರಿನ ಕರೆಂಟು, ಜನರೇಟರಿನ ಡೀಸೆಲ್ ಎಲ್ಲ ಬೇರೆ. ಅದೆಲ್ಲ ಕಚೇರಿಯ ನಿಯಮದ ಪುಸ್ತಕದಲ್ಲಿತ್ತು. ಒಂದು ಮದುವೆಯ ಮರುದಿನ ಹುಡುಗಿಯ ತಂದೆ ಲೆಕ್ಕ ಚುಕ್ತಾ ಮಾಡಲು ಬಂದಿದ್ದರು. ಬಿಲ್ಲು 23 ಸಾವಿರದ ಮೇಲಿತ್ತು. ಮುಂಗಡವಾಗಿ 10 ಸಾವಿರ ಕಟ್ಟಿದ್ದವರು ಉಳಿದ 5 ಸಾವಿರವನ್ನು ಎಣಿಸಿ ತಂದಿದ್ದರು. "ಸಾಬ್, ಬೋರ್ಡಿನಲ್ಲಿ ಹದಿನೈದು ಅಂತ ಇದೆಯಲ್ಲ" ಎಂದರು. ನಾನು ಪುಸ್ತಕ ತೆರೆದು ತೋರಿಸಿದೆ. ವಿನಯದಿಂದಲೇ ತೋರಿಸಿದೆ. ಅವರು ಏನೂ ಹೇಳದೆ ಎದ್ದು ಹೋಗಿ, ಸಂಜೆ ಯಾರಲ್ಲೋ ಕೈಸಾಲ ಮಾಡಿ ತಂದುಕೊಟ್ಟರು. ಲಾಸ್ ವೇಗಾಸಿನ ಆ ಹುಡುಗಿ ಪತ್ರ ತೆಗೆದು ಸಾಲು ತೋರಿಸುವಾಗ ನನಗೆ ಅವರ ನೆನಪು ಬರಲಿಲ್ಲ. ಮಗನ ಫೋನು ಬಂದ ರಾತ್ರಿ ಬಂತು.

ಮುಂದಿನ ಸಭೆಯಲ್ಲಿ, ಬೋರ್ಡಿನ ಮೇಲೆ ಪೂರ್ತಿ ಮೊತ್ತ ಬರೆಸೋಣ ಎಂದೆ. ಹಿರಿಯ ಸದಸ್ಯರೊಬ್ಬರು ಆಕ್ಷೇಪಿಸಿದರು: "ನಾವು 23 ಅಂತ ಬರೆದರೆ, 16 ಅಂತ ಬರೆದಿರೋ ಪಕ್ಕದ ಹಾಲಿಗೆ ಜನ ಹೋಗ್ತಾರೆ. ಅಲ್ಲೂ ಕೊನೆಗೆ 25 ಕೊಡ್ತಾರೆ. ಅದು ಅವರಿಗೇನು ಗೊತ್ತು?" ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಒಬ್ಬನೇ ಪೂರ್ತಿ ಬೆಲೆ ಹೇಳಿದರೆ ಹೇಳಿದವನೇ ದುಬಾರಿಯಾಗಿ ಕಾಣುತ್ತಾನೆ. ಅಮೆರಿಕದಲ್ಲೂ ಎಚ್ಚರಿಕೆಯ ಪತ್ರ ಸಾಲದೆ, ಎಲ್ಲರನ್ನೂ ಒಟ್ಟಿಗೆ ಕಟ್ಟಿಹಾಕುವ ನಿಯಮ ಬೇಕಾದದ್ದು ಇದಕ್ಕೇ. ಪಕ್ಕದ ಹಾಲಿನವರನ್ನು ಕಟ್ಟಿಹಾಕುವ ನಿಯಮ ನಮ್ಮ ಕೈಯಲ್ಲಿರಲಿಲ್ಲ. ಎರಡು ಗಂಟೆ ಚರ್ಚೆಯಾಗಿ, ಕರೆಂಟು ಮತ್ತು ಡೀಸೆಲನ್ನು ಮೀಟರು ನೋಡಿಯೇ ಹಾಕಬೇಕಾದ್ದರಿಂದ ಅವೆರಡಕ್ಕೆ ಅಂದಾಜು ಮೊತ್ತ, ಉಳಿದದ್ದೆಲ್ಲ ಸೇರಿಸಿ ಒಂದೇ ಬೆಲೆ ಎಂದು ಒಪ್ಪಿದರು.

ಆ ಮದುವೆ ಕಾಲದಲ್ಲಿ ಕೆಲವರು ಬೋರ್ಡು ನೋಡಿಯೇ ವಾಪಸಾದದ್ದು ನಿಜ. ಚುಕ್ತಾ ಮಾಡುವ ದಿನ ಜಗಳ ಮಾತ್ರ ಒಂದೂ ಆಗಲಿಲ್ಲ. ಹೊಸ ಬೋರ್ಡಿನ ಫೋಟೋ ತೆಗೆದು ಮಗನಿಗೆ ಕಳಿಸಿದೆ. ಅಂದು ಕಾರಿನಲ್ಲಿ ಆಡಿದ ಮಾತಿಗೆ ಕ್ಷಮಿಸು ಎಂದು ಬರೆಯಬೇಕೆಂದುಕೊಂಡು ಬರೆಯಲಾಗದೆ ಬಿಟ್ಟಿದ್ದೆ. ಅವನೇ ಫೋನು ಮಾಡಿದ. "ಅಬ್ಬಾ, ತೆರಿಗೆ ಸೇರಿಸಿ ಬರೆದಿದ್ದೀರಾ?" ಎಂದು ಕೇಳಿ ನಕ್ಕ.